ಆರೋಗ್ಯ ವಿಮೆಯ ‘ಸಿಗದ ಖರ್ಚು’ಗಳನ್ನು ಕನ್ನಡಕ್ಕೆ ತಂದ ಹನ್ನೊಂದು ವಾರ

ಮೂರು ವಾರದಲ್ಲಿ ಮುಗಿಸುತ್ತೇವೆ ಎಂದು ಒಪ್ಪಿಕೊಂಡ ಕೆಲಸ ಹನ್ನೊಂದು ವಾರ ಹಿಡಿಯಿತು. ತುಮಕೂರು ಜಿಲ್ಲೆಯ ಒಂದು ಸಹಕಾರ ಸಂಘದ ಸದಸ್ಯರು ಮೊದಲ ಬಾರಿಗೆ ಆರೋಗ್ಯ ವಿಮೆ ಮಾಡಿಸಿದ್ದರು. ಕೈಗೆ ಬಂದ ಪಾಲಿಸಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಎರಡೇ ಭಾಗ ಕನ್ನಡಕ್ಕೆ ಬೇಕು ಎಂದು ಸಂಘ ಕೇಳಿತು: ಯಾವ ಖರ್ಚು ಸಿಗುವುದಿಲ್ಲ, ಮತ್ತು ಕ್ಲೈಮ್ ಮಾಡಲು ಏನೇನು ಮಾಡಬೇಕು. ಇಂಗ್ಲಿಷಿನಲ್ಲಿ ಒಟ್ಟು ಸುಮಾರು 3,400 ಪದ. ಅನುವಾದಕ್ಕೆ ಇಬ್ಬರು, ವಿಮೆಯ ಕೆಲಸ ಬಲ್ಲವರೊಬ್ಬರು, ಹೀಗೆ ಮೂವರು ಕೂತೆವು. ಈಗ ಪುಸ್ತಿಕೆ ಅಚ್ಚಾಗಿ ಬಂದಿದೆ. ಬೇರೆ ಊರಿನಲ್ಲಿ ಇದೇ ಕೆಲಸ ಹಿಡಿಯುವವರು ನಾವು ಎಡವಿದ ಕಡೆಯೇ ಎಡವಬಾರದು ಎಂದು ಇದನ್ನು ಬರೆಯುತ್ತಿದ್ದೇವೆ.

ಪಾಲಿಸಿ ‘ಆರೋಗ್ಯ ಸಂಜೀವಿನಿ’. ವಿಮಾ ಪ್ರಾಧಿಕಾರವಾದ ಐಆರ್‌ಡಿಎಐ ರೂಪಿಸಿದ, 2020ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಮಾದರಿ ಪಾಲಿಸಿ ಇದು. ಯಾವ ಕಂಪನಿಯಿಂದ ಕೊಂಡರೂ ಮುಖ್ಯ ಷರತ್ತುಗಳು ಒಂದೇ. ಹಾಗಾಗಿ ಒಮ್ಮೆ ಸರಿಯಾಗಿ ಅನುವಾದ ಮಾಡಿದರೆ ಹಲವರಿಗೆ ಉಪಯೋಗವಾಗುತ್ತದೆ ಎಂಬ ಆಸೆಯೂ ನಮಗಿತ್ತು.

ಮೊದಲ ಪೆಟ್ಟು ಬಿದ್ದದ್ದು ಅನುವಾದದ ಶುರುವಿನಲ್ಲೇ. ಏಜೆಂಟರು ಕಳಿಸಿದ ಫೈಲಿನಲ್ಲಿ, ಮೊದಲೇ ಇದ್ದ ಕಾಯಿಲೆಗೆ 48 ತಿಂಗಳು ಕಾಯಬೇಕು ಎಂದಿತ್ತು. ಸದಸ್ಯರೊಬ್ಬರ ಕೈಯಲ್ಲಿದ್ದ ಪಾಲಿಸಿಯಲ್ಲಿ 36 ತಿಂಗಳು ಎಂದಿತ್ತು. ಎರಡೂ ಅಸಲಿ ಕಾಗದಗಳೇ. 2024ರ ಏಪ್ರಿಲ್ 1ರಿಂದ ನಿಯಮ ಬದಲಾಗಿ, ಈ ಕಾಯುವ ಅವಧಿ 36 ತಿಂಗಳು ಮೀರುವಂತಿಲ್ಲ ಎಂದಾಗಿತ್ತು. ಏಜೆಂಟರದ್ದು ಅದಕ್ಕಿಂತ ಹಿಂದಿನ ಪ್ರತಿ. ಅಷ್ಟರಲ್ಲಿ ನಾವು ಅದರ ಒಂಬತ್ತು ಪುಟ ಅನುವಾದ ಮಾಡಿ ಮುಗಿಸಿದ್ದೆವು. ನೀವು ಈ ಕೆಲಸಕ್ಕೆ ಕೂರುವ ಮೊದಲು ಪಾಲಿಸಿ ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿರುವ, ಆ ಪಾಲಿಸಿಯ ಗುರುತಿನ ಸಂಖ್ಯೆಯಾದ ಯುಐಎನ್ ಅನ್ನು, ಕಂಪನಿಯ ವೆಬ್‌ಸೈಟಿನಲ್ಲಿರುವ ಪ್ರತಿಯ ಸಂಖ್ಯೆಯ ಜೊತೆ ಅಕ್ಷರಕ್ಷರ ಹೋಲಿಸಿ ನೋಡಿ. ಕೊನೆಯ ಕೆಲವು ಅಂಕಿ ಬೇರೆಯಾಗಿದ್ದರೆ ಅದು ಬೇರೆ ಆವೃತ್ತಿ. ಸರಿಯಾದ ಪ್ರತಿಯನ್ನು ಕಂಪನಿಯಿಂದ ಇಮೇಲ್‌ನಲ್ಲಿ ತರಿಸಿಕೊಳ್ಳಲು ನಮಗೆ ಎಂಟು ದಿನ ಬೇಕಾಯಿತು.

ಇನ್ನು ಭಾಷೆಯ ವಿಷಯ. ಮೊದಲ ಕಂತಿನಲ್ಲಿ ನಾವು ಮಾಡಿದ್ದು ಎಲ್ಲರೂ ಮಾಡುವಂಥ ಅನುವಾದವೇ. ಪಾಲಿಸಿಯಲ್ಲಿ Excl01 ಎಂಬ ಸಂಕೇತದ ಕೆಳಗೆ ಬರುವ ಮೊದಲ ವಾಕ್ಯ ಹೀಗಾಗಿತ್ತು: “ವಿಮಾದಾರರೊಂದಿಗಿನ ಪ್ರಥಮ ಪಾಲಿಸಿಯ ಪ್ರಾರಂಭದ ದಿನಾಂಕದ ನಂತರದ 36 ತಿಂಗಳ ನಿರಂತರ ರಕ್ಷಣೆಯ ಮುಕ್ತಾಯದವರೆಗೆ, ಪೂರ್ವ ಅಸ್ತಿತ್ವದಲ್ಲಿರುವ ರೋಗ ಮತ್ತು ಅದರ ನೇರ ತೊಡಕುಗಳ ಚಿಕಿತ್ಸೆಗೆ ಸಂಬಂಧಿಸಿದ ವೆಚ್ಚಗಳನ್ನು ಹೊರಗಿಡತಕ್ಕದ್ದು.” ಇಂಗ್ಲಿಷಿನ ಒಂದು ಪದವನ್ನೂ ಬಿಟ್ಟಿರಲಿಲ್ಲ. ಇದನ್ನು ಸಂಘದ ಎಂಟು ಸದಸ್ಯರ ಮುಂದಿಟ್ಟು, ಪ್ರತಿಯೊಬ್ಬರಿಗೂ ಅದೇ ಪ್ರಶ್ನೆ ಕೇಳಿದೆವು: “ನಿಮಗೆ ಶುಗರ್ ಇದೆ ಅಂದ್ಕೊಳ್ಳಿ. ಎರಡನೇ ವರ್ಷದಲ್ಲಿ ಕಾಲಿನ ಗಾಯ ವಾಸಿಯಾಗದೆ ಅಡ್ಮಿಟ್ ಆದ್ರಿ. ದುಡ್ಡು ಬರುತ್ತಾ?” ಬರುವುದಿಲ್ಲ ಎಂಬ ಸರಿಯಾದ ಉತ್ತರ ಹೇಳಿದವರು ಒಬ್ಬರೇ. ಒಬ್ಬ ಹಿರಿಯರು ಕೇಳಿದ ಪ್ರಶ್ನೆ ನಮ್ಮ ಕಣ್ಣು ತೆರೆಸಿತು: “ವಿಮಾದಾರರು ಅಂದ್ರೆ ಯಾರ್ ಸ್ವಾಮಿ, ನಾವಾ ಅವರಾ?”

ಅವರ ಅನುಮಾನ ನ್ಯಾಯವಾದದ್ದೇ. ‘ವಿಮಾದಾರ’ ಎಂಬ ಪದವನ್ನು ವಿಮೆ ಕೊಡುವ ಕಂಪನಿಗೂ ಬಳಸುತ್ತಾರೆ, ವಿಮೆ ಮಾಡಿಸಿದವರಿಗೂ ಬಳಸುತ್ತಾರೆ. ಅಂಥ ಪದ ಷರತ್ತಿನ ವಾಕ್ಯದಲ್ಲಿ ಇರಲೇಕೂಡದು. ಅಂದೇ ಅದನ್ನು ಕಿತ್ತುಹಾಕಿ, ಪುಸ್ತಿಕೆಯುದ್ದಕ್ಕೂ ‘ಕಂಪನಿ’ ಮತ್ತು ‘ನೀವು’ ಎಂದು ಮಾಡಿಕೊಂಡೆವು.

‘ಪೂರ್ವ ಅಸ್ತಿತ್ವದಲ್ಲಿರುವ ರೋಗ’ ಇನ್ನೂ ದೊಡ್ಡ ತೊಡಕು. ಅದನ್ನು ‘ಪಾಲಿಸಿಗೆ ಮೊದಲೇ ಇದ್ದ ಕಾಯಿಲೆ’ ಎಂದು ಬದಲಿಸಿದರೂ ಕೆಲಸ ಅರ್ಧವೇ ಆಯಿತು. ಏಕೆಂದರೆ ನಮ್ಮ ಕಡೆ ಬಿಪಿ, ಶುಗರ್, ಥೈರಾಯ್ಡ್ ಇರುವವರು “ಕಾಯಿಲೆ ಏನಾದ್ರೂ ಇದೆಯಾ?” ಎಂದರೆ “ಏನಿಲ್ಲ, ಚೆನ್ನಾಗಿದೀನಿ” ಎನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ, ಮಾತ್ರೆ ನುಂಗಿಕೊಂಡು ಹೊಲದ ಕೆಲಸ ಮಾಡುವಷ್ಟು ಗಟ್ಟಿಯಾಗಿರುವಾಗ ಅವರ ಮಟ್ಟಿಗೆ ಅದು ಕಾಯಿಲೆಯೇ ಅಲ್ಲ. ಪಾಲಿಸಿಯ ವ್ಯಾಖ್ಯಾನ ಮಾತ್ರ ಬಹಳ ಅಗಲವಾದದ್ದು. ಪಾಲಿಸಿ ಶುರುವಾಗುವ ಹಿಂದಿನ 36 ತಿಂಗಳಲ್ಲಿ ಡಾಕ್ಟರು ಪತ್ತೆಹಚ್ಚಿದ್ದರೆ ಸಾಕು, ಅಥವಾ ಅದಕ್ಕೆ ಸಲಹೆ ಕೊಟ್ಟಿದ್ದರೆ ಸಾಕು. ಮಾತ್ರೆ ತೆಗೆದುಕೊಂಡಿರಲೇಬೇಕು ಎಂದಿಲ್ಲ. ಇಂಗ್ಲಿಷಿನಲ್ಲಿ ಈ ಅಗಲವೆಲ್ಲ ಒಂದು ‘ಅಥವಾ’ದ ಮೇಲೆ ನಿಂತಿದೆ. ನಮ್ಮ ಮೊದಲ ಪ್ರತಿಯಲ್ಲಿ ಅದು ‘ಪತ್ತೆಯಾಗಿ, ಚಿಕಿತ್ಸೆ ಪಡೆದ’ ಎಂದು ಸೇರಿಹೋಗಿ, ಎರಡೂ ಆಗಿದ್ದರೆ ಮಾತ್ರ ಎಂಬ ಅರ್ಥ ಕೊಡುತ್ತಿತ್ತು. ಅದನ್ನು ನಂಬಿದವರು ಅರ್ಜಿಯಲ್ಲಿ “ಇಲ್ಲ” ಎಂದು ಬರೆಯುತ್ತಿದ್ದರು. ಹಾಗೆ ಬರೆದ ತಪ್ಪು ಹೊರಬೀಳುವುದು ಆಸ್ಪತ್ರೆಯ ಬಿಲ್ ಕೈಗೆ ಬಂದ ಮೇಲೆ.

ನಾಲ್ಕನೇ ಸಲ ತಿದ್ದಿದ ಮೇಲೆ ನಿಂತ ಒಕ್ಕಣೆ ಇದು:

“ಪಾಲಿಸಿಗೆ ಮೊದಲೇ ಇದ್ದ ಕಾಯಿಲೆಯ ಚಿಕಿತ್ಸೆಗೆ ಮೊದಲ 36 ತಿಂಗಳು ಖರ್ಚು ಸಿಗುವುದಿಲ್ಲ. ಆ ಕಾಯಿಲೆಯಿಂದ ನೇರವಾಗಿ ಹುಟ್ಟಿದ ತೊಂದರೆಗೂ ಸಿಗುವುದಿಲ್ಲ. 36 ತಿಂಗಳನ್ನು ಈ ಕಂಪನಿಯಲ್ಲಿ ನಿಮ್ಮ ಮೊದಲ ಪಾಲಿಸಿ ಶುರುವಾದ ದಿನದಿಂದ ಎಣಿಸಬೇಕು. ನಡುವೆ ಪಾಲಿಸಿ ನಿಂತಿರಬಾರದು. 36 ತಿಂಗಳು ಕಳೆದ ಮೇಲೆ ಖರ್ಚು ಸಿಗಬೇಕಾದರೆ, ಅರ್ಜಿ ತುಂಬುವಾಗಲೇ ಆ ಕಾಯಿಲೆಯನ್ನು ತಿಳಿಸಿರಬೇಕು ಮತ್ತು ಕಂಪನಿ ಅದನ್ನು ಒಪ್ಪಿರಬೇಕು. ಬಿಪಿ, ಶುಗರ್, ಥೈರಾಯ್ಡ್ ಕೂಡ ಇಲ್ಲಿ ಕಾಯಿಲೆಯೇ. ಡಾಕ್ಟರು ಹೇಳಿದ್ದು, ನೀವು ಮಾತ್ರೆ ಶುರುಮಾಡದೆ ಬಿಟ್ಟಿದ್ದು, ಅದೂ ಸೇರುತ್ತದೆ.”

ಕೊನೆಯ ಎರಡು ವಾಕ್ಯ ಇಂಗ್ಲಿಷಿನಲ್ಲಿ ಇಲ್ಲ. ಅವು ವಿವರಣೆ ಎಂದು ಬೇರೆ ಬಣ್ಣದ ಚೌಕದಲ್ಲಿ ಹಾಕಿದೆವು. ಮೂಲದಲ್ಲಿರುವುದು ಯಾವುದು, ನಾವು ಸೇರಿಸಿದ್ದು ಯಾವುದು ಎಂದು ಓದುವವರಿಗೆ ಗೊತ್ತಾಗಬೇಕು. ಚೌಕದಲ್ಲಿ ಒಂದು ತಾರೀಕಿನ ಲೆಕ್ಕವನ್ನೂ ಕೊಟ್ಟೆವು: ಪಾಲಿಸಿ 2025ರ ಜುಲೈ 10ಕ್ಕೆ ಶುರುವಾಗಿದ್ದರೆ, ಕಾಯುವ ಅವಧಿ 2028ರ ಜುಲೈ 9ಕ್ಕೆ ಮುಗಿಯುತ್ತದೆ. ನಡುವೆ ವಿಮಾ ಮೊತ್ತವನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿಕೊಂಡರೆ, ಹೆಚ್ಚಿದ 2 ಲಕ್ಷಕ್ಕೆ ಎಣಿಕೆ ಏರಿಸಿದ ದಿನದಿಂದ ಹೊಸದಾಗಿ ಶುರುವಾಗುತ್ತದೆ. ಹಳೆಯ 3 ಲಕ್ಷಕ್ಕೆ ಹಳೆಯ ಎಣಿಕೆಯೇ.

ಕಾಯಿಲೆಗಳ ಹೆಸರಿನಲ್ಲಿ ಹೆಚ್ಚು ಕನ್ನಡ ಮಾಡಲು ಹೋಗಬೇಡಿ. ಪಾಲಿಸಿಯಲ್ಲಿ 24 ತಿಂಗಳು ಕಾಯಬೇಕಾದ ಕಾಯಿಲೆಗಳ ಪಟ್ಟಿಯಿದೆ. ಅದರಲ್ಲಿ ಕಣ್ಣಿನ ಪೊರೆ, ಮೂಲವ್ಯಾಧಿ, ಕಿಡ್ನಿ ಕಲ್ಲು, ಗರ್ಭಕೋಶ ತೆಗೆಯುವ ಆಪರೇಷನ್ ಇವು ಸಲೀಸಾಗಿ ಬಂದವು. ಹರ್ನಿಯಾ ಮತ್ತು ಹೈಡ್ರೋಸೀಲ್ ಪಟ್ಟಿಯಲ್ಲಿ ಬೇರೆ ಬೇರೆ. ನಿಘಂಟು ನೋಡಿ ಒಂದಕ್ಕೆ ‘ಅಂಡವಾಯು’, ಇನ್ನೊಂದಕ್ಕೆ ‘ಅಂಡವೃದ್ಧಿ’ ಎಂದು ಹಾಕಿದ್ದೆವು. ಪರಿಶೀಲನೆಗೆ ಕೂತ ಡಾಕ್ಟರು, ಊರಿನಲ್ಲಿ ಈ ಎರಡೂ ಹೆಸರನ್ನು ಎರಡಕ್ಕೂ ಹೇಳುತ್ತಾರೆ ಎಂದು ಹೊಡೆದುಹಾಕಿ, ಹರ್ನಿಯಾ, ಹೈಡ್ರೋಸೀಲ್ ಎಂದೇ ಬರೆಸಿದರು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರುವುದೂ ಅದೇ ಹೆಸರು ಎಂಬುದು ಅವರ ವಾದ, ಸರಿಯಾದ ವಾದ.

ಇಡೀ ಕೆಲಸದಲ್ಲಿ ನಾವು ಅತಿ ತಡವಾಗಿ ಕಂಡುಕೊಂಡದ್ದು ದೊಡ್ಡಕ್ಷರದ ವಿಷಯ. ಇಂಗ್ಲಿಷ್ ಪಾಲಿಸಿಯಲ್ಲಿ ಆಸ್ಪತ್ರೆ, ಅಪಘಾತ, ಕಾಯಿಲೆ ಎಂಬ ಪದಗಳ ಮೊದಲ ಅಕ್ಷರ ದೊಡ್ಡದಾಗಿರುತ್ತದೆ. ‘ಈ ಪದಕ್ಕೆ ಇಲ್ಲಿ ವಿಶೇಷ ಅರ್ಥವಿದೆ, ವ್ಯಾಖ್ಯಾನದ ಪುಟ ನೋಡು’ ಎಂಬ ಸನ್ನೆ ಅದು. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲ. ಅನುವಾದ ಮಾಡಿದ ಕ್ಷಣ ಆ ಸನ್ನೆ ಅಳಿಸಿಹೋಗುತ್ತದೆ, ಅಳಿಸಿಹೋಯಿತು ಎಂದು ಅನುವಾದಕರಿಗೂ ಗೊತ್ತಾಗುವುದಿಲ್ಲ. ‘ಆಸ್ಪತ್ರೆ’ ಎಂದು ಓದಿದವರು ಊರಿನ ನರ್ಸಿಂಗ್ ಹೋಮನ್ನೂ ಸೇರಿಸಿಕೊಳ್ಳುತ್ತಾರೆ. ಪಾಲಿಸಿ ಹೇಳುವ ಕಾಯ್ದೆಯಡಿ ಆಸ್ಪತ್ರೆ ಎಂದು ನೋಂದಣಿಯಾಗಿಲ್ಲದಿದ್ದರೆ, ಪಾಲಿಸಿಯ ಲೆಕ್ಕದಲ್ಲಿ ಆಸ್ಪತ್ರೆ ಎಂದರೆ ಹಗಲೂ ರಾತ್ರಿಯೂ ಅರ್ಹ ನರ್ಸ್ ಮತ್ತು ಡಾಕ್ಟರ್ ಇರುವ, ತನ್ನದೇ ಆಪರೇಷನ್ ಥಿಯೇಟರ್ ಇರುವ ಜಾಗ. ಜನಸಂಖ್ಯೆ 10 ಲಕ್ಷಕ್ಕಿಂತ ಕಡಿಮೆಯಿರುವ ಊರಿನಲ್ಲಿ ಕನಿಷ್ಠ 10 ಹಾಸಿಗೆ, ಉಳಿದ ಕಡೆ 15 ಹಾಸಿಗೆ ಇರಬೇಕು. ತಾಲೂಕು ಕೇಂದ್ರದಲ್ಲಿ ಆರು, ಎಂಟು ಹಾಸಿಗೆಯ ನರ್ಸಿಂಗ್ ಹೋಮ್‌ಗಳು ಎಷ್ಟೋ ಇವೆ. ಅಲ್ಲಿ ಅಡ್ಮಿಟ್ ಆದವರ ಕ್ಲೈಮ್ ಬಿದ್ದುಹೋಗಲು ಈ ಒಂದು ಪದ ಸಾಕು.

‘ಅಪಘಾತ’ದ್ದು ಇದರ ತಿರುಗುಮುರುಗು. ಅಲ್ಲಿ ಪಾಲಿಸಿಯ ಅರ್ಥ ಅಗಲ, ಜನರ ಅರ್ಥ ಕಿರಿದು. ಅಪಘಾತ ಎಂದರೆ ಬಸ್ಸು, ಬೈಕು ಡಿಕ್ಕಿ ಎಂದೇ ಎಂಟರಲ್ಲಿ ಆರು ಜನ ಹೇಳಿದರು. ತೆಂಗಿನ ಮರದಿಂದ ಬಿದ್ದರೆ, ಬಚ್ಚಲಲ್ಲಿ ಜಾರಿ ಸೊಂಟ ಮುರಿದರೆ ಅದು ಅಪಘಾತ ಎಂದು ಅವರಿಗೆ ಹೊಳೆಯಲಿಲ್ಲ. ಪಾಲಿಸಿ ತೆಗೆದುಕೊಂಡ ಮೊದಲ 30 ದಿನ ಯಾವ ಕಾಯಿಲೆಗೂ ಖರ್ಚು ಸಿಗುವುದಿಲ್ಲ, ಆದರೆ ಅಪಘಾತಕ್ಕೆ ಈ ನಿಯಮವಿಲ್ಲ. ಪಾಲಿಸಿಯ ಹತ್ತನೇ ದಿನ ಮರದಿಂದ ಬಿದ್ದವರು ಕ್ಲೈಮ್ ಕೇಳುವುದನ್ನೇ ಬಿಟ್ಟುಬಿಡುತ್ತಿದ್ದರು. ಇಂಥ ಹದಿನಾಲ್ಕು ಪದಗಳನ್ನು ಪುಸ್ತಿಕೆಯುದ್ದಕ್ಕೂ ದಪ್ಪಕ್ಷರದಲ್ಲಿ ಹಾಕಿ, ಅರ್ಥವನ್ನು ಹಿಂದಿನ ರಕ್ಷಾಪುಟದ ಒಳಬದಿಯಲ್ಲಿ ಕೊಟ್ಟೆವು. ಹಿಂದಕ್ಕೆ ತಿರುವಿದರೆ ಕೈಗೆ ಸಿಗುವ ಜಾಗ ಅದು.

ರೂಮ್ ಬಾಡಿಗೆಯ ಷರತ್ತನ್ನು ಮಾತಿನಲ್ಲಿ ಎಷ್ಟು ತಿದ್ದಿದರೂ ಯಾರಿಗೂ ಅರ್ಥವಾಗಲಿಲ್ಲ. ‘ಅದೇ ಅನುಪಾತದಲ್ಲಿ ಕಡಿತ’ ಎಂದರೆ, ಹೆಚ್ಚಾದ ಬಾಡಿಗೆಯಷ್ಟನ್ನೇ ಮುರಿದುಕೊಳ್ಳುತ್ತಾರೆ ಎಂದು ಎಲ್ಲರೂ ತಿಳಿದರು. ಕೊನೆಗೆ ಷರತ್ತಿನ ಪಕ್ಕದಲ್ಲೇ ಒಂದು ಬಿಲ್ ಬರೆದು ತೋರಿಸಿದೆವು. ವಿಮಾ ಮೊತ್ತ 3 ಲಕ್ಷ. ದಿನಕ್ಕೆ ಅದರ ಶೇ 2, ಅಂದರೆ 6,000 ಆಗುತ್ತದೆ, ಆದರೆ 5,000 ರೂಪಾಯಿಗಿಂತ ಹೆಚ್ಚು ಕೊಡುವುದಿಲ್ಲ. ಆದ್ದರಿಂದ ಮಿತಿ 5,000. ನೀವು ಹಿಡಿದದ್ದು ದಿನಕ್ಕೆ 8,000 ರೂಪಾಯಿಯ ರೂಮ್, ನಾಲ್ಕು ದಿನಕ್ಕೆ 32,000. ಐದು ಬೈ ಎಂಟರ ಲೆಕ್ಕದಲ್ಲಿ ಸಿಗುವುದು 20,000. ಆಪರೇಷನ್, ಸರ್ಜನ್, ಅರಿವಳಿಕೆ ಡಾಕ್ಟರ ಫೀಸು ಎಲ್ಲ ಸೇರಿ 80,000 ಆಗಿದ್ದರೆ ಅದಕ್ಕೂ ಅದೇ ಲೆಕ್ಕ, ಸಿಗುವುದು 50,000. ಔಷಧಿ ಮತ್ತು ಪರೀಕ್ಷೆಗಳ 30,000ಕ್ಕೆ ಈ ಕಡಿತ ತಾಗುವುದಿಲ್ಲ. ಒಟ್ಟು 1 ಲಕ್ಷ. ಅದರಲ್ಲಿ ನಿಮ್ಮ ಪಾಲು ಶೇ 5 ಕಳೆದರೆ 95,000. ಬಿಲ್ 1,42,000. ಕೈಯಿಂದ ಕಟ್ಟಬೇಕಾದದ್ದು 47,000. ರೂಮಿನ ಹೆಚ್ಚುವರಿ ಬಾಡಿಗೆ ಬರೀ 12,000 ಆಗಿದ್ದರೂ, ಅದರ ಹಿಂದೆಯೇ ಸರ್ಜನ್ ಫೀಸಿನಲ್ಲಿ 30,000 ಹೋಯಿತು. ಈ ಬಿಲ್ ನೋಡಿದ ಮೇಲೆ ಮತ್ತೆ ಯಾರೂ ಪ್ರಶ್ನೆ ಕೇಳಲಿಲ್ಲ. ‘ಸಹಪಾವತಿ’ ಎಂಬ ಪದವನ್ನೂ ಇಲ್ಲೇ ಕೈಬಿಟ್ಟು ‘ನಿಮ್ಮ ಪಾಲು’ ಎಂದು ಮಾಡಿದೆವು.

ಕ್ಲೈಮ್ ಷರತ್ತುಗಳಲ್ಲಿ ಕಷ್ಟವಿದ್ದದ್ದು ಗಡುವುಗಳಲ್ಲಿ. ಮೊದಲೇ ನಿಗದಿಯಾದ ಆಪರೇಷನ್ ಆದರೆ ಅಡ್ಮಿಟ್ ಆಗುವ 48 ಗಂಟೆ ಮೊದಲು ಕಂಪನಿಗೆ ತಿಳಿಸಬೇಕು. ತುರ್ತಾಗಿ ಸೇರಿಸಿದರೆ 24 ಗಂಟೆಯೊಳಗೆ, ಅಥವಾ ಡಿಸ್ಚಾರ್ಜ್‌ಗೆ ಮೊದಲು, ಇವೆರಡರಲ್ಲಿ ಯಾವುದು ಮೊದಲೋ ಅದರೊಳಗೆ. ಕೈಯಿಂದ ಕಟ್ಟಿ ಆಮೇಲೆ ಕೇಳುವುದಾದರೆ ಕಾಗದಗಳನ್ನು ಡಿಸ್ಚಾರ್ಜ್ ಆದ 30 ದಿನದೊಳಗೆ ಕೊಡಬೇಕು. ನಮ್ಮ ಮೊದಲ ಪ್ರತಿಯಲ್ಲಿದ್ದ ‘ಆಸ್ಪತ್ರೆ ದಾಖಲಾತಿಯ 24 ಗಂಟೆಯೊಳಗೆ’ ಎಂಬುದನ್ನು ಒಬ್ಬ ಅಮ್ಮ, ಆಸ್ಪತ್ರೆಯ ದಾಖಲೆ ಕೈಗೆ ಬಂದ 24 ಗಂಟೆ ಎಂದು ಓದಿದರು. ‘ದಾಖಲಾತಿ’, ‘ದಾಖಲೆ’ ಎರಡೂ ಪಕ್ಕಪಕ್ಕದಲ್ಲಿ ಬಂದರೆ ಹೀಗೇ ಆಗುತ್ತದೆ. ‘ಅಡ್ಮಿಟ್ ಆದ ಹೊತ್ತಿನಿಂದ 24 ಗಂಟೆಯೊಳಗೆ’ ಎಂದು ತಿದ್ದಿದೆವು. ಎಲ್ಲಿಂದ ಎಣಿಕೆ ಶುರು ಎಂಬುದು ಪ್ರತಿ ಗಡುವಿನ ವಾಕ್ಯದಲ್ಲೂ ಮೊದಲು ಬರಬೇಕು. ಹಾಗೆಯೇ ‘ನಗದುರಹಿತ’ ಎಂದರೆ ಉಚಿತ ಎಂದು ಮೂವರು ಓದಿದರು, ಅದನ್ನು ‘ಕ್ಯಾಶ್‌ಲೆಸ್’ ಎಂದೇ ಇಟ್ಟು, ‘ಸಿಗುವ ಖರ್ಚನ್ನು ಕಂಪನಿ ನೇರವಾಗಿ ಆಸ್ಪತ್ರೆಗೆ ಕಟ್ಟುತ್ತದೆ, ಸಿಗದ ಖರ್ಚನ್ನು ಡಿಸ್ಚಾರ್ಜ್ ವೇಳೆ ನೀವು ಕಟ್ಟಬೇಕು’ ಎಂದು ಬರೆದೆವು.

ಗಡುವು ತಪ್ಪಿದರೆ ಏನು ಎಂಬಲ್ಲಿ ನಮ್ಮಿಂದ ಗಂಭೀರ ತಪ್ಪಾಗಿತ್ತು. ‘ತಡವಾದರೆ ಕ್ಲೈಮ್ ರದ್ದು’ ಎಂದು ಖಡಾಖಂಡಿತವಾಗಿ ಬರೆದಿದ್ದೆವು. ಪಾಲಿಸಿ ಹಾಗೆ ಹೇಳುವುದಿಲ್ಲ. ತಡಕ್ಕೆ ಸರಿಯಾದ ಕಾರಣವಿದ್ದರೆ ಕಂಪನಿ ಪರಿಗಣಿಸಬಹುದು. ತಡವಾಯಿತು ಎಂಬ ಒಂದೇ ನೆಪದಲ್ಲಿ ನಿಜವಾದ ಕ್ಲೈಮ್ ತಿರಸ್ಕರಿಸಬಾರದು ಎಂದು ಪ್ರಾಧಿಕಾರ 2011ರಲ್ಲೇ ಸುತ್ತೋಲೆ ಹೊರಡಿಸಿದೆ. ನಮ್ಮ ವಾಕ್ಯ ಓದಿದವರು 31ನೇ ದಿನ ಕಾಗದಗಳನ್ನು ಪೆಟ್ಟಿಗೆಗೆ ಹಾಕಿ ಸುಮ್ಮನಾಗುತ್ತಿದ್ದರು.

ಈ ತಪ್ಪು ಸಿಕ್ಕಿದ್ದು ಮರು ಅನುವಾದದಲ್ಲಿ. ಮೂಲವನ್ನು ನೋಡಿರದ ಇನ್ನೊಬ್ಬರಿಗೆ ನಮ್ಮ ಕನ್ನಡ ಕೊಟ್ಟು, ಅದನ್ನು ಇಂಗ್ಲಿಷಿಗೆ ಮಾಡಿಸಿ, ಮೂಲದ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಹೋಲಿಸಿದೆವು. ಇಪ್ಪತ್ತಮೂರು ಕಡೆ ಅರ್ಥ ಬೇರೆಯಾಗಿತ್ತು. ಅವುಗಳಲ್ಲಿ ಹೆಚ್ಚಿನವು ‘ಹೊರತು’ ಇರುವ ವಾಕ್ಯಗಳು. ಅಂದ ಹೆಚ್ಚಿಸುವ ಸರ್ಜರಿಗೆ ಖರ್ಚು ಸಿಗುವುದಿಲ್ಲ, ಆದರೆ ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರ್ ನಂತರ ಅಂಗವನ್ನು ಮತ್ತೆ ರೂಪಿಸುವುದಕ್ಕೆ ಈ ತಡೆಯಿಲ್ಲ ಎಂದು ಮೂಲದಲ್ಲಿದೆ. ಇಂಗ್ಲಿಷಿನಲ್ಲಿ ವಿನಾಯಿತಿ ವಾಕ್ಯದ ಬಾಲದಲ್ಲಿ ಬರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ವಿನಾಯಿತಿ ವಾಕ್ಯದ ಹೊಟ್ಟೆಯೊಳಗೆ ಸೇರಿ, ಕೊನೆಯ ‘ಸಿಗುವುದಿಲ್ಲ’ ಅದನ್ನೂ ನುಂಗಿಬಿಡುತ್ತದೆ. ನಿಯಮಕ್ಕೊಂದು ವಾಕ್ಯ, ವಿನಾಯಿತಿಗೊಂದು ವಾಕ್ಯ ಎಂದು ಒಡೆದದ್ದೇ ಇದಕ್ಕೆ ಮದ್ದು.

ಹಾಗೆ ಒಡೆದದ್ದು ಕಂಪನಿಯ ಕಾನೂನು ವಿಭಾಗದಲ್ಲಿ ಸಿಕ್ಕಿಹಾಕಿಕೊಂಡಿತು. ಅವರು ನಾಲ್ಕು ವಾರ ಇಟ್ಟುಕೊಂಡು, ‘ಅಪಘಾತವಾದರೆ ಖರ್ಚು ಸಿಗುತ್ತದೆ’ ಎಂಬಂಥ ವಾಕ್ಯಗಳನ್ನೆಲ್ಲ ಕೆಂಪಾಗಿಸಿ ಕಳಿಸಿದರು. ಒಂದು ತಡೆ ಇಲ್ಲ ಎಂದಾಕ್ಷಣ ದುಡ್ಡು ಸಿಕ್ಕೇಸಿಗುತ್ತದೆ ಎಂದಲ್ಲ, ಬೇರೆ ಷರತ್ತುಗಳು ಇನ್ನೂ ಇವೆ ಎಂಬುದು ಅವರ ಆಕ್ಷೇಪ. ಕಾದದ್ದಕ್ಕೆ ಬೇಸರವಾಗಿದ್ದರೂ ಆಕ್ಷೇಪ ಒಪ್ಪುವಂಥದ್ದೇ. ‘ಅಪಘಾತವಾದರೆ ಈ 30 ದಿನದ ನಿಯಮ ಅನ್ವಯಿಸುವುದಿಲ್ಲ’ ಎಂದು ತಿದ್ದಿದೆವು. ಇದನ್ನು ಮೊದಲೇ ತಿಳಿದಿದ್ದರೆ ಎರಡು ವಾರ ಉಳಿಯುತ್ತಿತ್ತು. ಅರ್ಥದಲ್ಲಿ ವ್ಯತ್ಯಾಸ ಬಂದರೆ ಇಂಗ್ಲಿಷ್ ಪಾಲಿಸಿಯೇ ಅಂತಿಮ ಎಂಬ ಸಾಲನ್ನೂ ಅವರು ಹಾಕಿಸಿದರು. ಅದನ್ನು ಮೊದಲ ಪುಟದಲ್ಲೇ, ಉಳಿದ ಅಕ್ಷರದಷ್ಟೇ ದೊಡ್ಡದಾಗಿ ಹಾಕಿ ಎಂದು ನಾವು ಹಟ ಹಿಡಿದೆವು.

ಅಚ್ಚಿನ ಮನೆಯಲ್ಲಿ ಮತ್ತೊಂದು ವಾರ ಹೋಯಿತು. ನಾವು ಯೂನಿಕೋಡ್‌ನಲ್ಲಿ ಕೊಟ್ಟದ್ದನ್ನು ಅವರು ಹಳೆಯ ‘ನುಡಿ’ ಫಾಂಟ್‌ಗೆ ಬದಲಿಸಿದಾಗ ಅಲ್ಲಲ್ಲಿ ಒತ್ತಕ್ಷರ, ಅರ್ಕಾವತ್ತು ಚದುರಿದವು. ಯೂನಿಕೋಡ್‌ನಲ್ಲೇ ಪುಟ ಕಟ್ಟಿಸಿ, ಕರಡಿನಲ್ಲಿ ಅಂಕಿಗಳನ್ನು ಮಾತ್ರ ಒಬ್ಬರು ಬೇರೆಯಾಗಿ ಓದಿ. ನಮ್ಮ ಎರಡನೇ ಕರಡಿನಲ್ಲಿ 48 ಗಂಟೆ 48 ದಿನವಾಗಿತ್ತು.

ಖರ್ಚು: ಅನುವಾದಕ್ಕೆ 10,200, ಮರು ಅನುವಾದಕ್ಕೆ 8,700, ಡಾಕ್ಟರ ಎರಡು ಬೈಠಕ್‌ಗೆ 4,000, ಸಾವಿರ ಪ್ರತಿಯ ಅಚ್ಚಿಗೆ 14,000. ಒಟ್ಟು 36,900 ರೂಪಾಯಿ.

ನಿಮ್ಮ ಊರಿನಲ್ಲಿ ಇಷ್ಟೆಲ್ಲ ಮಾಡಲು ಆಗದಿದ್ದರೂ ಒಂದು ಕಾಗದವನ್ನು ಕೇಳಿ ಪಡೆಯಬಹುದು. ಪಾಲಿಸಿಯ ಜೊತೆ ಕಂಪನಿ ಕೊಡಬೇಕಾದ ಗ್ರಾಹಕ ಮಾಹಿತಿ ಪತ್ರದಲ್ಲಿ ಸಿಗದ ಖರ್ಚು, ಕಾಯುವ ಅವಧಿ, ಕ್ಲೈಮ್ ವಿಧಾನ ಎಲ್ಲ ಚುಟುಕಾಗಿ ಇರುತ್ತದೆ. 2024ರ ಜನವರಿ 1ರಿಂದ ಜಾರಿಯಲ್ಲಿರುವ ನಮೂನೆ ಅದು, ಗ್ರಾಹಕರು ಬಯಸಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕು ಎಂದು ನಿಯಮವಿದೆ. ಬಾಯಿಮಾತಿನಲ್ಲಿ ಕೇಳಬೇಡಿ; ಪಾಲಿಸಿ ಸಂಖ್ಯೆ ಬರೆದು, ಕನ್ನಡದಲ್ಲಿ ಬೇಕು ಎಂದು ಇಮೇಲ್ ಮಾಡಿ. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಅದನ್ನು ಓದಿ ಮುಗಿಸಿ. ಷರತ್ತು ಒಪ್ಪಿಗೆಯಾಗದಿದ್ದರೆ, ಅಷ್ಟರಲ್ಲಿ ಕ್ಲೈಮ್ ಏನೂ ಮಾಡಿಲ್ಲದಿದ್ದರೆ, ಪಾಲಿಸಿ ಹಿಂತಿರುಗಿಸಿ ಅಲ್ಪ ಕಡಿತದೊಂದಿಗೆ ಪ್ರೀಮಿಯಂ ವಾಪಸ್ ಪಡೆಯಲು ಇರುವ ಅವಧಿ ಅಷ್ಟೇ.